ದುಬೈಲಿ ಕೆಲಸ ಬಿಡೋ ಮುಂಚೆ: ಎಚ್‌ಆರ್ ತೋರಿಸಿದ ಕಾನೂನು ಈಗ್ಲೂ ನಡೀತದಾ ನೋಡ್ಕೊಳ್ಳಿ

ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ ಕಡೆಯಿಂದ ಯುಎಇಗೆ ಬಂದು ಪ್ರೈವೇಟ್ ಕಂಪನಿಲಿ ಕೆಲಸ ಮಾಡೋರಿಗೆ ಇದು. ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಬಗ್ಗೆ ನಾನು ಹೇಳೋದು ಎಂತದೂ ಇಲ್ಲ, ಅದೆಲ್ಲ ರೂಮಲ್ಲಿ ಇರೋರೇ ಹೇಳ್ಕೊಡ್ತಾರೆ. ರೂಮಿನವರೇ ತಪ್ಪು ಹೇಳ್ಕೊಡೋದು ಒಂದಿದೆ, ಗ್ರ್ಯಾಚುಟಿ. ಪ್ರತಿ ವರ್ಷ ಯಾರಾದ್ರೂ ಒಬ್ರು ರದ್ದಾಗಿ ಹೋದ ಕಾನೂನಿನ ಲೆಕ್ಕಕ್ಕೆ ಸೈನ್ ಹಾಕಿ ಊರಿಗೆ ಹೋಗಿರ್ತಾರೆ, ಆಮೇಲೆ ಫೋನ್ ಮಾಡಿ "ಅಣ್ಣಾ ಇದು ಸರಿ ಇದ್ಯಾ" ಅಂತ ಕೇಳ್ತಾರೆ.

ಅಂಕೋಲಾ ಕಡೆ ಹುಡುಗಂದು ಒಂದು ಕೇಸ್ ಹೇಳ್ತೆ. ಶಾರ್ಜಾದಲ್ಲಿ ವೇರ್‌ಹೌಸ್ ಕೆಲಸ, 2023 ಜನವರಿ 1ಕ್ಕೆ ಸೇರಿದ್ದು, ನೋಟೀಸ್ ಪೂರ್ತಿ ಮಾಡಿ 2025 ಜೂನ್ 30ಕ್ಕೆ ಬಿಟ್ಟ. ಎರಡೂವರೆ ವರ್ಷ. ಬೇಸಿಕ್ 3,000 ದಿರ್ಹಮ್, ಅಲೋವೆನ್ಸ್ ಬೇರೆ. ಸೆಟ್ಲ್‌ಮೆಂಟ್ ಕಾಗದದಲ್ಲಿ ಗ್ರ್ಯಾಚುಟಿ 1,750 ಅಂತ ಬರೆದಿದ್ರು. ಎಂತಕ್ಕೆ ಇಷ್ಟು ಕಮ್ಮಿ ಅಂತ ಕೇಳಿದ್ದಕ್ಕೆ ಒಂದು ಪಿಡಿಎಫ್ ಕಳಿಸಿದ್ರು, ಯುಎಇ ಲೇಬರ್ ಲಾ ಅಂತ ದೊಡ್ಡಕ್ಷರ, ಅದ್ರಲ್ಲಿ ಆರ್ಟಿಕಲ್ 137ಕ್ಕೆ ಹಳದಿ ಗುರುತು: ಒಂದರಿಂದ ಮೂರು ವರ್ಷದ ಒಳಗೆ ತಾನಾಗೇ ರಾಜೀನಾಮೆ ಕೊಟ್ರೆ ಗ್ರ್ಯಾಚುಟಿಯ ಮೂರನೇ ಒಂದು ಭಾಗ ಮಾತ್ರ. ರೂಮಲ್ಲಿ ಗಲ್ಫಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡ ಹಿರಿಯರೊಬ್ರು ಇದ್ರು, ಅವ್ರೂ "ಹೌದು ತಮಾ, ರೂಲ್ ಹಾಂಗೇ ಇಪ್ಪುದು, ನಂಗೂ ಅಷ್ಟೇ ಕೊಟ್ಟಿದ್ರು" ಅಂದ್ರು. ಅವ್ರು ಸುಳ್ಳು ಹೇಳಿದ್ದಲ್ಲ, ಅವ್ರ ಕಾಲಕ್ಕೆ ಅದೇ ಕಾನೂನು. ಪಿಡಿಎಫ್ ಕೂಡ ನಕಲಿ ಅಲ್ಲ. ಅದಕ್ಕೇ ಜನ ಸಿಕ್ಕಿ ಬೀಳೋದು.

ಆ ಪಿಡಿಎಫ್ 1980ರ ಫೆಡರಲ್ ಲಾ ನಂಬರ್ 8. ಅದನ್ನ ಪೂರ್ತಿ ರದ್ದು ಮಾಡಿ 2021ರ ಫೆಡರಲ್ ಡಿಕ್ರೀ-ಲಾ ನಂಬರ್ 33 ತಂದ್ರು, ಅದು ಜಾರಿಗೆ ಬಂದಿದ್ದು 2022 ಫೆಬ್ರವರಿ 2ಕ್ಕೆ. ಹೊಸದ್ರಲ್ಲಿ ಗ್ರ್ಯಾಚುಟಿ ಇರೋದು ಆರ್ಟಿಕಲ್ 51ರಲ್ಲಿ, ರಾಜೀನಾಮೆ ಕೊಟ್ರೆ ಕಟ್ ಅನ್ನೋ ಮಾತೇ ಅಲ್ಲಿಲ್ಲ. ಒಂದು ವರ್ಷ ಆದ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಐದು ದಾಟಿದ ಮೇಲಿನ ಪ್ರತಿ ವರ್ಷಕ್ಕೆ 30 ದಿನ, ಅಷ್ಟೇ. ಹುಡುಗನ ಲೆಕ್ಕ ಹಾಕಿ: 3,000ನ್ನ 30ರಿಂದ ಭಾಗಿಸಿದ್ರೆ ದಿನಕ್ಕೆ 100, 21 ದಿನಕ್ಕೆ 2,100, ಎರಡೂವರೆ ವರ್ಷಕ್ಕೆ 5,250. ಅವ್ರು ಬರೆದ 1,750 ಅಂದ್ರೆ ಕರೆಕ್ಟಾಗಿ ಅದ್ರ ಮೂರನೇ ಒಂದು ಭಾಗ. 3,500 ದಿರ್ಹಮ್ ಸತ್ತ ಕಾನೂನಿನ ಹೆಸರಲ್ಲಿ ಹೋಗ್ತಿತ್ತು. ಹಳೇ ಕಾನೂನಲ್ಲಿ ಇನ್ನೂ ಒಂದಿತ್ತು, ಲಿಮಿಟೆಡ್ ಕಾಂಟ್ರಾಕ್ಟಿನವ್ರು ಅವಧಿ ಮುಗಿಯೋ ಮುಂಚೆ ತಾವಾಗೇ ಬಿಟ್ರೆ ಐದು ವರ್ಷ ದಾಟಿರದಿದ್ರೆ ಸೊನ್ನೆ. ನಮ್ಮ ಊರಲ್ಲೂ ಗ್ರ್ಯಾಚುಟಿ ಅಂದ್ರೆ ಐದು ವರ್ಷ ಅಂತ ಎಲ್ಲರ ತಲೇಲಿ ಇದೆಯಲ್ಲ, ಹಾಂಗಾಗಿ "ಐದು ವರ್ಷ ಆಗ್ಲಿಲ್ಲ, ಎಂತದೂ ಇಲ್ಲ" ಅಂದ್ರೂ ಯಾರೂ ತಿರುಗಿ ಕೇಳೂದಿಲ್ಲ.

ನಿಮ್ಮ ಕೈಗೆ ಬಂದ ಕಾಗದ ಹಳೇದಾ ಹೊಸದಾ ಅಂತ ತಿಳಿಯೋಕೆ ವಕೀಲರು ಬೇಕಾಗಿಲ್ಲ. ಹೊಸ ಕಾನೂನಲ್ಲಿ ಇರೋದು ಒಟ್ಟು 74 ಆರ್ಟಿಕಲ್. ಯಾರಾದ್ರೂ ಆರ್ಟಿಕಲ್ 120, 132, 137, 138 ಅಂತ ಶುರು ಮಾಡಿದ್ರೆ ಅಲ್ಲೇ ಗೊತ್ತಾಯ್ತು, ಅದು 1980ರದ್ದು. ಲಿಮಿಟೆಡ್, ಅನ್‌ಲಿಮಿಟೆಡ್ ಅಂತ ಎರಡು ಥರ ಕಾಂಟ್ರಾಕ್ಟ್ ಬಗ್ಗೆ ಮಾತಾಡೋ ಕಾಗದವೂ ಹಳೇದೇ, ಈಗ ಎಲ್ಲಾ ಅವಧಿ ನಮೂದಿಸಿದ ಕಾಂಟ್ರಾಕ್ಟೇ, ಹಳೇ ಅನ್‌ಲಿಮಿಟೆಡ್ ಇದ್ದವ್ರನ್ನ ಬದಲಾಯಿಸೋಕೆ ಕೊಟ್ಟ ಗಡುವೂ 2023ರ ಕೊನೆಗೇ ಮುಗೀತು.

ಆದ್ರೆ ಹೊಸದು ಸಿಕ್ತು ಅಂತ ಅಲ್ಲಿಗೇ ನಿಲ್ಲಬೇಡಿ. ಸ್ವಲ್ಪ ಹುಷಾರಿರೋರೂ ಎಡವೋದು ಇಲ್ಲೇ. ನೀವು ಡೌನ್‌ಲೋಡ್ ಮಾಡಿದ 33/2021 ಯಾವ ತಾರೀಖಿನ ಪ್ರತಿ? 2021ರಲ್ಲಿ ಹೊರಟ ಮೂಲ ಪ್ರತಿ ಇನ್ನೂ ಎಲ್ಲಾ ಕಡೆ ಓಡಾಡ್ತಾ ಇದೆ, ಅದ್ರಲ್ಲಿ ಕಾಂಟ್ರಾಕ್ಟ್ ಮೂರು ವರ್ಷ ಮೀರಬಾರದು ಅಂತ ಇದೆ, 2022ರ ಡಿಕ್ರೀ-ಲಾ ನಂಬರ್ 14 ಬಂದು ಆ ಮೂರು ವರ್ಷದ ಮಿತಿ ತೆಗೆದು ಹಾಕ್ತು. ಅದೇ ಮೂಲ ಪ್ರತೀಲಿ ಬಾಕಿಗೆ ಕ್ಲೇಮ್ ಹಾಕೋಕೆ ಹಕ್ಕು ಹುಟ್ಟಿದ ದಿನದಿಂದ ಒಂದು ವರ್ಷ ಅಂತ ಇದೆ, 2024ರ ಡಿಕ್ರೀ-ಲಾ ನಂಬರ್ 9 ಅದನ್ನ ಕೆಲಸ ಮುಗಿದ ದಿನದಿಂದ ಎರಡು ವರ್ಷ ಅಂತ ಮಾಡ್ತು, ಅದು ಜಾರಿಯಾಗಿದ್ದು 2024 ಆಗಸ್ಟ್ 31ರಿಂದ. ಅಂದ್ರೆ ಕಾನೂನು ಜೀವಂತ ಇದೆ, ನೀವು ಓದಿದ ಸಾಲು ಮಾತ್ರ ಸತ್ತಿದೆ. "ವರ್ಷ ಆಯ್ತು, ಇನ್ನೆಂತ ಕೇಳೂದು" ಅಂತ ಬಿಟ್ಟವ್ರನ್ನ ನಾನು ಕಂಡಿದ್ದೇನೆ, ಅವ್ರಿಗೆ ಇನ್ನೂ ಟೈಮ್ ಇತ್ತು. ಹಾಂಗಂತ ಆ ಆಗಸ್ಟ್ 31ಕ್ಕಿಂತ ಮುಂಚೆನೇ ಕೆಲಸ ಮುಗಿದವ್ರು ನಮಗೂ ಎರಡು ವರ್ಷ ಅಂತ ನಂಬಿ ಕೂರಬೇಡಿ, ಮೊದ್ಲು ಮಿನಿಸ್ಟ್ರಿಲಿ ವಿಚಾರಿಸಿ.

ನೋಡೋದು ಹೇಗೆ ಅಂದ್ರೆ, ಸರ್ಕಾರದ್ದೇ ಸೈಟ್ ಇದೆ, uaelegislation.gov.ae, ಇಂಗ್ಲಿಷಲ್ಲೂ ಓದಬಹುದು. ಕಾನೂನಿನ ಹೆಸರಲ್ಲಿ ಹುಡುಕಬೇಡಿ, ಒಂದೇ ಹೆಸರಿನವು ರಾಶಿ ಬೀಳ್ತವೆ, ನಂಬರ್ ಮತ್ತೆ ವರ್ಷ ಹಾಕಿ. ಪುಟ ತೆರೆದ ಮೇಲೆ ನೇರ ಕೊನೆಗೆ ಹೋಗಿ. ಕೊನೇ ಎರಡು ಆರ್ಟಿಕಲಲ್ಲೇ ಯಾವುದು ರದ್ದು, ಯಾವತ್ತಿಂದ ಜಾರಿ ಅನ್ನೋದು ಇರ್ತದೆ. ಶುರುವಲ್ಲಿ ಒಂದು ಉದ್ದ ಪಟ್ಟಿ ಇರ್ತದೆ, ಇಂತಿಂಥ ಕಾನೂನುಗಳನ್ನ ಪರಿಶೀಲಿಸಿ ಇದನ್ನ ಹೊರಡಿಸಿದ್ದೇವೆ ಅಂತ, ನಮ್ಮ ಸರ್ಕಾರಿ ಆದೇಶದಲ್ಲಿ "ಓದಲಾಗಿದೆ" ಅಂತ ಹಳೇ ಆದೇಶಗಳ ನಂಬರ್ ಕೊಡ್ತಾರಲ್ಲ ಹಾಂಗೇ. ಆ ಪಟ್ಟಿಲಿ ಹೆಸರು ಇದೆ ಅಂದ ಮಾತ್ರಕ್ಕೆ ಆ ಹಳೇ ಕಾನೂನು ಇನ್ನೂ ಇದೆ ಅಂತಲೂ ಅಲ್ಲ, ಹೋಯ್ತು ಅಂತಲೂ ಅಲ್ಲ. ಒಬ್ಬ ಪುಣ್ಯಾತ್ಮ ಆ ಪಟ್ಟಿನೇ ತೋರಿಸಿ "ನೋಡಿ ಇಲ್ಲೇ 1980ರದ್ದು ಬರೆದಿದ್ದಾರೆ, ಇನ್ನೂ ನಡೀತದೆ" ಅಂತ ನನ್ನ ಹತ್ರ ಜಗಳಕ್ಕೆ ಬಂದಿದ್ದ.

ಆಮೇಲೆ ಮುಂದಕ್ಕೆ ಹುಡುಕಿ. 33/2021ನ್ನ ಆಮೇಲೆ ಯಾರು ಮುಟ್ಟಿದ್ದಾರೆ ಅಂತ. ತಿದ್ದುಪಡಿ ಕಾನೂನಿನ ತಲೆಬರಹದಲ್ಲೇ ಮೂಲ ಕಾನೂನಿನ ನಂಬರ್ ಇರ್ತದೆ, ಹಾಂಗಾಗಿ 2022, 2023, 2024 ಅಂತ ಒಂದೊಂದು ವರ್ಷ ಕೆಳಗಿಳಿದು ನೋಡಿದ್ರೆ ಸಿಗ್ತದೆ, ಆಮೇಲಿನ ವರ್ಷಗಳನ್ನೂ ಬಿಡಬೇಡಿ. ಯಾವ ಆರ್ಟಿಕಲ್ ಬದಲಾಗಿದೆ ಅಂತ ಅದ್ರಲ್ಲೇ ಬರೆದಿರ್ತಾರೆ. ನಿಮ್ಮ ಆರ್ಟಿಕಲ್ ಅದ್ರಲ್ಲಿ ಇಲ್ಲ ಅಂದ್ರೆ ಮೂಲದ್ದೇ ನಡೀತದೆ. ಇಂಗ್ಲಿಷ್ ಅನುವಾದಕ್ಕೂ ಅರಬ್ಬಿಗೂ ವ್ಯತ್ಯಾಸ ಬಂದ್ರೆ ಕೋರ್ಟಲ್ಲಿ ಅರಬ್ಬಿನೇ ಲೆಕ್ಕ, ದೊಡ್ಡ ದುಡ್ಡಿನ ವಿಷಯ ಆದ್ರೆ ಅರಬ್ಬಿ ಬರೋರ ಹತ್ರ ಆ ಒಂದು ಆರ್ಟಿಕಲ್ ಓದಿಸ್ಕೊಳ್ಳಿ.

ಮಿನಿಸ್ಟ್ರಿ ಸರ್ಕ್ಯುಲರು, ರೆಸಲ್ಯೂಷನ್ನುಗಳದ್ದು ಸ್ವಲ್ಪ ತಲೆನೋವು. ತಾಯಿ ಕಾನೂನು ರದ್ದಾದ ಕೂಡ್ಲೇ ಅದ್ರ ಕೆಳಗೆ ಹೊರಟ ಆದೇಶಗಳೆಲ್ಲ ಬಿದ್ದು ಹೋಗೂದಿಲ್ಲ. ಹೊಸದಕ್ಕೆ ವಿರುದ್ಧ ಇಲ್ಲದವು, ಅವುಗಳ ಜಾಗಕ್ಕೆ ಬೇರೆ ಬರೋ ತನಕ ನಡೀತವೆ. ಹಾಂಗಾಗಿ 2016ರ ಸರ್ಕ್ಯುಲರ್ ಅಂದ ತಕ್ಷಣ ಕಸ ಅಂತ ಎಸೀಬೇಡಿ. ಎರಡು ಪ್ರಶ್ನೆ ಕೇಳ್ಕೊಳ್ಳಿ, ಇದು ಈಗಿನ ಕಾನೂನಿಗೆ ಅಡ್ಡ ಬರ್ತದಾ, ಇದೇ ವಿಷಯದ ಮೇಲೆ ಆಮೇಲೆ ಬೇರೆ ಆದೇಶ ಬಂದಿದ್ಯಾ. ಬಿಸಿಲಲ್ಲಿ ಮಧ್ಯಾಹ್ನ 12.30ರಿಂದ 3ರ ತನಕ ಹೊರಗಡೆ ಕೆಲಸ ಮಾಡಿಸಬಾರದು ಅನ್ನೋದನ್ನೇ ನೋಡಿ, ಸೈಟಿನ ಗೋಡೆಗೆ ಅಂಟಿಸಿದ್ದು ಯಾವುದೋ ಹಳೇ ವರ್ಷದ ನೋಟೀಸ್ ಆಗಿರಬಹುದು, ಆದ್ರೆ ಅದೇ ನಿಯಮ 2022ರ ಮಿನಿಸ್ಟೀರಿಯಲ್ ರೆಸಲ್ಯೂಷನ್ ನಂಬರ್ 44ರಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಅಂತ ಇದೆ. ಫೋರ್‌ಮನ್ "ಅದು ಹಳೇದು" ಅಂದ್ರೆ ಈ ನಂಬರ್ ಹೇಳಿ.

ಯಾವ ದೇಶದ್ದು ಚಲೋ ಅಂತ ಕೇಳಿದ್ರೆ, ಈ ಒಂದು ವಿಷಯದಲ್ಲಿ ನಾನು ಇಲ್ಲಿಯದಕ್ಕೇ ಓಟ್ ಹಾಕ್ತೆ. ಇಲ್ಲಿ ಜಾರಿ ತಾರೀಖು ಸಾಮಾನ್ಯವಾಗಿ ಕಾನೂನಿನ ಕೊನೇಲೇ ಇರ್ತದೆ. ನಮ್ಮಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಪಾರ್ಲಿಮೆಂಟಲ್ಲಿ ಪಾಸಾಗಿದ್ದು 2020ರಲ್ಲಿ, ಜಾರಿಗೆ ಬಂದಿದ್ದು 2025 ನವೆಂಬರ್ 21ಕ್ಕೆ. ಆ ಐದು ವರ್ಷ ಪುಸ್ತಕದಲ್ಲಿ ಇತ್ತು, 1972ರ ಗ್ರ್ಯಾಚುಟಿ ಕಾಯ್ದೆನೇ ನಡೀತಿತ್ತು. ಗೆಜೆಟ್ ನೋಟಿಫಿಕೇಶನ್ ಹುಡುಕದೆ ಕಾಯ್ದೆ ಮಾತ್ರ ಓದಿದವ್ರಿಗೆ ಅದು ತಿಳೀತಿರಲಿಲ್ಲ. ಆದ್ರೆ ಹಳೇ ಆದೇಶ ಬೇಕು ಅಂದ್ರೆ ಊರ ಕಡೆ ತಾಲೂಕಾ ಕಚೇರಿಲಿ ಒಬ್ಬ ಹಳೇ ಗುಮಾಸ್ತ ಸಿಗ್ತಾನೆ, ಇಲ್ಲಿ ಅಂಥವ್ರು ಯಾರೂ ಸಿಗೂದಿಲ್ಲ, ಕೌಂಟರಲ್ಲಿ ಟೋಕನ್ ಮಾತ್ರ ಸಿಗ್ತದೆ.

ಈ ಕಾನೂನೇ ಅಲ್ಲದ ಜಾಗಗಳೂ ಇವೆ, ಮರೀಬೇಡಿ. ಡಿಐಎಫ್‌ಸಿ ಮತ್ತೆ ಎಡಿಜಿಎಂ ಅನ್ನೋ ಎರಡು ಫೈನಾನ್ಸ್ ಫ್ರೀ ಝೋನಲ್ಲಿ ಅವರದ್ದೇ ಬೇರೆ ಎಂಪ್ಲಾಯ್‌ಮೆಂಟ್ ಕಾನೂನು. ಬೇರೆ ಫ್ರೀ ಝೋನ್‌ನವ್ರು "ನಮಗೆ ಲೇಬರ್ ಲಾ ಇಲ್ಲ" ಅಂದ್ರೆ ನಂಬಬೇಡಿ. ಮನೆಗೆಲಸದವರಿಗೆ, ಮನೆ ಡ್ರೈವರುಗಳಿಗೆ 2022ರ ಡಿಕ್ರೀ-ಲಾ ನಂಬರ್ 9 ಬೇರೆನೇ ಇದೆ. ನಂಬರ್ 9 ಎರಡು ಸಲ ಬಂತು ನೋಡಿ, 2022ರದ್ದು ಮನೆಗೆಲಸದವರದ್ದು, 2024ರದ್ದು ತಿದ್ದುಪಡಿ. ವರ್ಷ ಹೇಳದೆ ನಂಬರ್ ಮಾತ್ರ ಹೇಳಿದ್ರೆ ಹೀಂಗೇ ದಾರಿ ತಪ್ಪೋದು.

ಅಂಕೋಲಾ ಹುಡುಗಂಗೆ ನಾನು ಹೇಳಿದ್ದು, ಸೈನ್ ಹಾಕಬೇಡ, ಎಲ್ಲಾ ಬಾಕಿ ಮುಟ್ಟಿದೆ ಅಂತ ಬರೆದ ಕಾಗದಕ್ಕಂತೂ ಬೇಡವೇ ಬೇಡ, ಮೊದ್ಲು ಈಮೇಲ್ ಹಾಕು ಅಂತ. ಜಗಳ ಇಲ್ಲ, ಮೂರೇ ಸಾಲು: ನೀವು ಕಳಿಸಿದ್ದು 8/1980, ಅದು ರದ್ದಾಗಿದೆ, ಈಗಿನದು 33/2021, ಆರ್ಟಿಕಲ್ 51, ನನ್ನ ಲೆಕ್ಕ 5,250, ಇಂತಿಂಥ ಪ್ರಕಾರ. ಕೆಲಸ ಮುಗಿದು 14 ದಿನದ ಒಳಗೆ ಬಾಕಿ ಕೊಡಬೇಕು ಅಂತ ಆರ್ಟಿಕಲ್ 53ರಲ್ಲಿ ಇದೆ, ಅದನ್ನೂ ಸೇರಿಸು ಅಂದೆ. ಎಚ್‌ಆರ್ ಕಡೆಯಿಂದ ಸಾರಿ ಗೀರಿ ಎಂತದೂ ಬರ್ಲಿಲ್ಲ, ತಿದ್ದಿದ ಸೆಟ್ಲ್‌ಮೆಂಟ್ ಕಾಗದ ಬಂತು. ಬರ್ಲಿಲ್ಲ ಅಂದಿದ್ರೆ ಮಿನಿಸ್ಟ್ರಿಗೆ 80084ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಡೋದಿತ್ತು. 50,000 ದಿರ್ಹಮ್ ಒಳಗಿನ ತಕರಾರನ್ನ ಮಿನಿಸ್ಟ್ರಿನೇ ತೀರ್ಮಾನ ಮಾಡಬಹುದು, ಒಪ್ಪದವ್ರು 15 ವರ್ಕಿಂಗ್ ದಿನದ ಒಳಗೆ ಮೊದಲ ಹಂತದ ಕೋರ್ಟಿಗೆ ಹೋಗಬೇಕು. 2023ರ ತಿದ್ದುಪಡಿ ಓದಿದವ್ರು ಅಪೀಲು ಕೋರ್ಟ್ ಅಂತ ಹೇಳ್ತಾರೆ, ಅದನ್ನೂ 2024ರಲ್ಲಿ ಬದಲಾಯಿಸಿ ಆಯ್ತು.