ಡಚ್ ವಾಕ್ಯದಲ್ಲಿ ಕ್ರಿಯಾಪದಕ್ಕೆ ಎರಡನೇ ಜಾಗ: ನನ್ನ ಅನುಭವ

ಪದ ಜೋಡಿಸುವ ಅಭ್ಯಾಸದಲ್ಲಿ 'ರೈಲಿನಲ್ಲಿ ನಾನು ಪುಸ್ತಕ ಓದುತ್ತೇನೆ' ಎಂಬುದಕ್ಕೆ ನಾನು 'ಇನ್ ಡೆ ಟ್ರೇನ್ ಇಕ್ ಲೇಸ್ ಡೆ ಬುಕ್' ಎಂದು ಬರೆಯುತ್ತಿದ್ದೆ. ಎರಡು ತಪ್ಪು: ಕ್ರಿಯಾಪದದ ಜಾಗ ಒಂದು, 'ಹೆಟ್ ಬುಕ್' ಬದಲು 'ಡೆ ಬುಕ್' ಎಂದದ್ದು ಇನ್ನೊಂದು.

ಕ್ರಿಯಾಪದ ಎರಡನೆಯದು ಎಂದಾಗ ಪದಗಳನ್ನು ಎಣಿಸುತ್ತಿದ್ದೆ. ಎಣಿಸಬೇಕಾದದ್ದು ತುಂಡುಗಳನ್ನು. 'ಇನ್ ಡೆ ಟ್ರೇನ್' ಮೂರು ಪದವಾದರೂ ಒಂದೇ ತುಂಡು. ಅದರ ಕೆಳಗೆ ಒಂದೇ ಗೆರೆ ಎಳೆದು, ಕೂಡಲೇ ಕ್ರಿಯಾಪದ 'ಲೇಸ್' ಇಟ್ಟೆ. ಕರ್ತೃ 'ಇಕ್' ಅದರ ಹಿಂದೆ ಸರಿಯಿತು: 'ಇನ್ ಡೆ ಟ್ರೇನ್ ಲೇಸ್ ಇಕ್ ಹೆಟ್ ಬುಕ್'. ಕ್ರಿಯಾಪದವನ್ನು ಕೊನೆಗಿಡುವ ನಮ್ಮ ಕನ್ನಡದ ಕಿವಿಗೆ ಇದು ಒಗ್ಗಲು ಸಮಯ ಬೇಕಾಯಿತು.

ಇಂಗ್ಲಿಷಿನ 'ದ' ಹಾಗೆ ನಾಮಪದದ ಜೊತೆ ಬರುವ ಡೆ, ಹೆಟ್‌ಗಳಲ್ಲಿ ಯಾವುದು ಎಲ್ಲಿ ಎಂಬುದಕ್ಕೆ ಇಂಥ ಸುಲಭ ಉಪಾಯವಿಲ್ಲ. 'ಬುಕ್' ಎಂದಷ್ಟೇ ಬರೆಯದೆ 'ಹೆಟ್ ಬುಕ್' ಎಂದೇ ಪಟ್ಟಿ ಮಾಡಿಕೊಂಡೆ. ಬಹುವಚನದಲ್ಲಿ ಮಾತ್ರ ನಿರಾಳ, ಎಲ್ಲಕ್ಕೂ ಡೆ: 'ಡೆ ಬುಕೆನ್'.