ಸ್ಲೈಡ್ ಓದುವ ಕ್ರಮ ಸರಿಯಾಗಿದ್ದು ಹೀಗೆ

ನಮ್ಮ ತರಬೇತಿಯ ಪವರ್‌ಪಾಯಿಂಟ್ ಸ್ಲೈಡ್ ಕಣ್ಣಿಗೆ ಸರಿಯಾಗೇ ಕಾಣುತ್ತಿತ್ತು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ಸಹೋದ್ಯೋಗಿ ಮಾತ್ರ, "ಮೊದಲು ಮೂರನೇ ಹಂತ ಓದುತ್ತೆ, ಶೀರ್ಷಿಕೆ ಕೊನೆಗೆ ಬರುತ್ತೆ" ಅಂದರು.

ಸ್ಕ್ರೀನ್ ರೀಡರ್ ನಮ್ಮ ಕಣ್ಣಿನ ಹಾಗೆ ಮೇಲಿಂದ ಕೆಳಕ್ಕೆ ಹೋಗುವುದಿಲ್ಲ. ಒಂದರ ಹಿಂದೊಂದು ಪದರದಲ್ಲಿರುವ ಬಾಕ್ಸ್‌ಗಳಲ್ಲಿ ಎಲ್ಲಕ್ಕಿಂತ ಹಿಂದಿರುವುದನ್ನು ಮೊದಲು ಓದುತ್ತದೆ. ವಿಂಡೋಸ್‌ನಲ್ಲಿ Alt+F10 ಒತ್ತಿ Selection Pane ತೆರೆದೆ. ಅಲ್ಲಿನ ಪಟ್ಟಿ ಕೆಳಗಿನಿಂದ ಮೇಲಕ್ಕೆ ಲೆಕ್ಕ. ಹಾಗಾಗಿ ಶೀರ್ಷಿಕೆಯನ್ನು ಎಲ್ಲಕ್ಕಿಂತ ಕೆಳಗೆ ಎಳೆದೆ, ಅದರ ಮೇಲೆ ಮೊದಲ ಹಂತ, ಆಮೇಲೆ ಉಳಿದವು. ಹೊಸ ಆವೃತ್ತಿಯ Reading Order ಪಟ್ಟಿ ಇದಕ್ಕೆ ಉಲ್ಟಾ, ಅಲ್ಲಿ ಮೊದಲನೆಯದು ಮೇಲಿರುತ್ತದೆ.

ಒಂದು ತೊಡಕಿದೆ. ಕ್ರಮ ಬದಲಿಸಿದರೆ ಪದರವೂ ಬದಲಾಗುತ್ತದೆ. ನಮ್ಮ ಹಳದಿ ಹಿನ್ನೆಲೆಯ ಬಾಕ್ಸ್ ಅಕ್ಷರಗಳನ್ನೇ ಮುಚ್ಚಿಬಿಟ್ಟಿತು. ಅದನ್ನು ಶೀರ್ಷಿಕೆಗಿಂತಲೂ ಕೆಳಗಿಟ್ಟು, ಸ್ಕ್ರೀನ್ ರೀಡರ್ ಓದದೆ ಮುಂದೆ ಹೋಗಲಿ ಅಂತ ಬಾಣಗಳ ಜೊತೆ ಅದಕ್ಕೂ Mark as decorative ಗುರುತು ಹಾಕಿದೆ.

ಚಾರ್ಟಿನ ಬದಲು ಸ್ಕ್ರೀನ್ ರೀಡರ್ ಓದುವ, ಸುಮ್ನೆ "ಮಳೆ ಚಾರ್ಟ್" ಅಂತಿದ್ದ ಬದಲಿ ಪಠ್ಯವನ್ನು "ಜುಲೈನಲ್ಲಿ ಮಳೆ ಜಾಸ್ತಿ, ಆಗಸ್ಟ್‌ನಿಂದ ಇಳಿಕೆ" ಎಂದು ಬದಲಿಸಿದೆ. ಬಣ್ಣಗಳ ವ್ಯತ್ಯಾಸ ಗುರುತಿಸಲು ಕಷ್ಟವಾಗುವವರಿಗೆ ಅಂತ ಚಾರ್ಟಿನ ಕೆಂಪು-ಹಸಿರು ಗೆರೆಗಳು ನೀಲಿ-ಕಿತ್ತಳೆ ಆದವು. ಪ್ರತಿ ಗೆರೆಯ ತುದಿಯಲ್ಲೇ ಊರಿನ ಹೆಸರು ಬರೆದೆ.

ಕೊನೆಗೆ Tab ಒತ್ತುತ್ತಾ ಹೋದೆ. ಆಯ್ಕೆಯಾಗುವ ಬಾಕ್ಸ್‌ಗಳ ಕ್ರಮವೇ ಓದುವ ಕ್ರಮ.