ಒಬ್ಬರನ್ನೇ ಪೂರ್ತಿ ಓದಬೇಕಾ? ನಾನು ತೀರ್ಮಾನಿಸಿದ ರೀತಿ

ಮೈಸೂರಿನಲ್ಲಿ ಓದುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಒಬ್ಬ ಲೇಖಕರ ಪುಸ್ತಕಗಳನ್ನೆಲ್ಲ ಓದಿ ಮುಗಿಸಬೇಕಾ, ಇಲ್ಲ ಹತ್ತಾರು ಜನರನ್ನು ಒಂದೊಂದು ಪುಸ್ತಕದಲ್ಲಿ ನೋಡಬೇಕಾ? ಕುವೆಂಪು ಅವರ ವಿಷಯದಲ್ಲಿ ನಾನು ಇದನ್ನು ಹೇಗೆ ತೀರ್ಮಾನಿಸಿದೆ ಅಂತ ಹೇಳುತ್ತೇನೆ.

ಮೊದಲೇ ಸಮಗ್ರ ಸಂಪುಟಗಳಿಗೆ ಕೈ ಹಾಕಲಿಲ್ಲ. ಅವರ ಎರಡು ದೊಡ್ಡ ಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿದೆ. ‘ಕಾನೂರು ಹೆಗ್ಗಡತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ಎರಡೂ ಮಲೆನಾಡಿನ ಕಥೆಗಳೇ. ಆದರೆ ಮೊದಲನೆಯದರಲ್ಲಿ ನಾವು ಊರನ್ನು ಹೆಚ್ಚಾಗಿ ನೋಡುವುದು ಮೈಸೂರಿನಲ್ಲಿ ಓದಿದ ಹೂವಯ್ಯನ ಜೊತೆಗೆ. ಅವನ ಯೋಚನೆಗೆ ಅಲ್ಲಿ ದೊಡ್ಡ ಜಾಗವಿದೆ. ಎರಡನೆಯದು ಶುರುವಾಗುವುದೇ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ಅಲ್ಲಿ ನಾಯಕ ಅಂತ ಒಬ್ಬರಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಪುಸ್ತಕದ ಮೊದಲಲ್ಲೇ ಅವರು ಹೇಳಿಬಿಡುತ್ತಾರೆ. ಗುತ್ತಿ–ತಿಮ್ಮಿಯರ ಪ್ರೀತಿಗೆ ಮುಕುಂದಯ್ಯ–ಚಿನ್ನಮ್ಮರ ಪ್ರೀತಿಯಷ್ಟೇ ತೂಕ ಸಿಗುತ್ತದೆ.

ಬರಿಯ ‘ಮದುಮಗಳು’ ಓದಿದ್ದರೆ ಈ ಬದಲಾವಣೆ ನನಗೆ ಕಾಣುತ್ತಿರಲಿಲ್ಲ, ಅಲ್ವಾ? ನನಗೆ ಅಳತೆಗೋಲು ಸಿಕ್ಕಿದ್ದು ಇಲ್ಲೇ. ಮೊದಲಿನದೊಂದು, ಕೊನೆಯ ಕಾಲದ್ದೊಂದು ಓದಬೇಕು. ಎರಡನೆಯದು ಮೊದಲಿನದಕ್ಕೆ ಹೊಸದೇನನ್ನೋ ಸೇರಿಸಿದರೆ ಆ ಲೇಖಕರ ಜೊತೆ ಮುಂದುವರಿಯಬಹುದು. ಅದದೇ ಊರು, ಅದದೇ ಪಾತ್ರ, ಅದದೇ ತಿರುವು ಬಂದು ಮುಂದಿನ ಪುಟ ಊಹಿಸಲು ಆಗುತ್ತಿದ್ದರೆ ಅಲ್ಲಿಗೆ ಸಾಕು.

ಹಾಗೆ ‘ಮಲೆನಾಡಿನ ಚಿತ್ರಗಳು’, ಆತ್ಮಕಥೆ ‘ನೆನಪಿನ ದೋಣಿಯಲ್ಲಿ’, ನಾಟಕಗಳು ಎಲ್ಲಾ ಓದಿದೆ. ‘ಶ್ರೀ ರಾಮಾಯಣ ದರ್ಶನಂ’ ಮಾತ್ರ ಬೇರೆ ಬಗೆಯದು. ಕಾದಂಬರಿಯ ವೇಗದಲ್ಲಿ ಕಣ್ಣಾಡಿಸಿದರೆ ಅದು ಹತ್ತಿರ ಬರುವುದಿಲ್ಲ. ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಅದು ಮುಗಿಯಲಿ ಅಂತ ಉಳಿದವರನ್ನೆಲ್ಲ ಕಾಯಿಸಿದರೆ ಓದೇ ನಿಂತುಹೋಗುತ್ತದೆ.

ಒಬ್ಬರಲ್ಲೇ ಬಹಳ ದಿನ ಇದ್ದರೆ ಇನ್ನೊಂದು ತೊಂದರೆ ಇದೆ. ಕಾಡು, ಮಳೆ, ದೊಡ್ಡ ಮನೆ ಇಲ್ಲದ ಕಥೆ ಸಪ್ಪೆ ಅನಿಸಲು ಶುರುವಾಗುತ್ತದೆ. ಆಗ ಲೇಖಕರನ್ನು ಬದಲಿಸುತ್ತೇನೆ. ಅದೂ ಸುಮ್ನೆ ಕೈಗೆ ಸಿಕ್ಕಿದ್ದನ್ನಲ್ಲ, ಆದಷ್ಟು ದೂರದ್ದನ್ನು. ಹೀಗೆ ತೆಗೆದುಕೊಂಡದ್ದು ದೇವನೂರ ಮಹಾದೇವ ಅವರ ‘ಒಡಲಾಳ’. ತೆಳ್ಳನೆಯ ಪುಸ್ತಕ. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಹುಡುಕಾಡುತ್ತಾಳೆ. ನಮ್ಮ ಸುತ್ತಮುತ್ತಲಿನ ಹಳ್ಳಿಯ ಮಾತು, ಒಂದು ಬಡ ಮನೆ, ಹಸಿವು. ನೂರಾರು ಪುಟದ ವಿಸ್ತಾರಕ್ಕೆ ಒಗ್ಗಿದ್ದ ನನಗೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಜನ ಬದುಕುವುದು ಕಂಡಿತು. ಅದಾದ ಮೇಲೆ ಮತ್ತೆ ‘ಮದುಮಗಳು’ ತೆಗೆದಾಗ ಗುತ್ತಿಯ ಭಾಗಗಳನ್ನು ಜಾಸ್ತಿ ನಿಧಾನವಾಗಿ ಓದಿದೆ.

ಈಗ ಪೂರ್ತಿ ಓದಲು ಒಬ್ಬರೇ ಲೇಖಕರು ಸಾಕು. ಅವರ ಎರಡು ಪುಸ್ತಕಗಳ ನಡುವೆ ಬೇರೆಯವರದೊಂದು ಇರುತ್ತದೆ.